ln(1+x) ಸರಣಿ: ಎಲ್ಲಿಯವರೆಗೆ ನಡೆಯುತ್ತದೆ, ಅದರಿಂದ ಲಾಗ್ ಲೆಕ್ಕ ಹಾಕುವುದು ಹೇಗೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿಸಿದವರಿಗೆ ಈ ಸೂತ್ರ ಎಲ್ಲೋ ಒಂದು ಕಡೆ ಸಿಕ್ಕೇ ಇರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ, ಆಮೇಲೆ ಮರೆತುಬಿಡುವ ಸೂತ್ರಗಳ ಸಾಲಿಗೆ ಸೇರಿದ್ದು. ಆದರೆ ಪೇಪರ್, ಪೆನ್ ಹಿಡಿದು ಅದರಿಂದ ನಿಜಕ್ಕೂ ಒಂದು ಲಾಗ್ ಕಂಡುಹಿಡಿಯಲು ಕೂತಾಗಲೇ ಅಸಲಿ ಪ್ರಶ್ನೆಗಳು ಶುರುವಾಗುತ್ತವೆ. ಇಲ್ಲಿರುವುದು ಅಂಥ ಪ್ರಶ್ನೆಗಳು.

ಮೊದಲು, ಸರಣಿ ಯಾವುದು? ಎಲ್ಲಿಂದ ಬಂತು?

ಸರಣಿ ಇದು:

```
ln(1+x) = x − x²/2 + x³/3 − x⁴/4 + x⁵/5 − ...
```

ಇದನ್ನು ಹುಟ್ಟಿಸಲು ಹೈಸ್ಕೂಲಿನ ಗುಣೋತ್ತರ ಶ್ರೇಢಿ ಸಾಕು. 1 ಅನ್ನು (1+t) ಇಂದ ಭಾಗಿಸುತ್ತಾ ಹೋಗಿ. ಭಾಗಲಬ್ಧದಲ್ಲಿ 1, −t, +t², −t³ ಹೀಗೆ ಪದಗಳು ಬರುತ್ತವೆ. 1/(1+t) ಅನ್ನು 0 ಯಿಂದ x ವರೆಗೆ ಇಂಟಿಗ್ರೇಟ್ ಮಾಡಿದರೆ ln(1+x) ಸಿಗುತ್ತದೆ ಅಂತ ನಮಗೆ ಗೊತ್ತು. ಹಾಗಾದರೆ ಆ ಪದಗಳನ್ನೂ ಒಂದೊಂದಾಗಿ ಇಂಟಿಗ್ರೇಟ್ ಮಾಡಿ. 1 ಹೋಗಿ x ಆಗುತ್ತದೆ, t ಹೋಗಿ x²/2 ಆಗುತ್ತದೆ, t² ಹೋಗಿ x³/3. ಸರಣಿ ತಯಾರು.

ಚರಿತ್ರೆಯಲ್ಲೂ ನಡೆದದ್ದು ಹೆಚ್ಚುಕಡಿಮೆ ಹೀಗೇ. ನಿಕೋಲಸ್ ಮರ್ಕೇಟರ್ 1668ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹೈಪರ್ಬೋಲಾದ ಕೆಳಗಿನ ವಿಸ್ತೀರ್ಣವನ್ನು ಇದೇ ಭಾಗಾಕಾರದಿಂದ ಕಂಡುಹಿಡಿದರು. ಅದಕ್ಕೇ ಇದಕ್ಕೆ ಮರ್ಕೇಟರ್ ಸರಣಿ ಅಂತ ಹೆಸರು. ಪ್ರಪಂಚದ ಭೂಪಟ ಬರೆದ ಮರ್ಕೇಟರ್ ಇವರಲ್ಲ, ಅವರು ನೂರು ವರ್ಷ ಹಿಂದಿನವರು. ಐಸಾಕ್ ನ್ಯೂಟನ್ ಕೂಡ ಇದನ್ನು ಅದಕ್ಕಿಂತ ಮೊದಲೇ, 1665ರ ಸುಮಾರಿಗೆ, ತಾವಾಗಿಯೇ ಕಂಡುಕೊಂಡಿದ್ದರು. ಆದರೆ ಅಚ್ಚು ಹಾಕಿಸಲಿಲ್ಲ.

ನೇರವಾಗಿ ln x ಗೆ ಸರಣಿ ಬರೆಯಬಾರದೇಕೆ? ಈ 1+x ಯಾಕೆ?

x ನ ಘಾತಗಳ ಸರಣಿ ಯಾವಾಗಲೂ x = 0 ಯ ಸುತ್ತ ಕಟ್ಟಿಕೊಳ್ಳುವಂಥದ್ದು. ln 0 ಎನ್ನುವ ಸಂಖ್ಯೆಯೇ ಇಲ್ಲ, ಹಾಗಾಗಿ ಅಲ್ಲಿ ಶುರು ಮಾಡಲು ನೆಲವೇ ಇಲ್ಲ. ln 1 ಮಾತ್ರ ಸೊಗಸಾಗಿ 0. ಆದ್ದರಿಂದ 1ರ ಪಕ್ಕದಲ್ಲಿ ನಿಂತು, ಅಲ್ಲಿಂದ x ನಷ್ಟು ದೂರ ಹೋದರೆ ಲಾಗ್ ಎಷ್ಟಾಗುತ್ತದೆ ಅಂತ ಕೇಳುತ್ತೇವೆ. x ಅಂದರೆ 1 ರಿಂದ ಇರುವ ದೂರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಎಲ್ಲ ಲೆಕ್ಕವೂ ಆ ದೂರವನ್ನು ಚಿಕ್ಕದು ಮಾಡುವ ಆಟವೇ.

ಸರಣಿ ಯಾವ x ಗೆ ನಡೆಯುತ್ತದೆ?

x, −1 ಕ್ಕಿಂತ ದೊಡ್ಡದಾಗಿರಬೇಕು, 1 ಕ್ಕಿಂತ ದೊಡ್ಡದಾಗಿರಬಾರದು. ಅಂದರೆ −1 < x ≤ 1. ಬಲತುದಿ ಒಳಗೆ, ಎಡತುದಿ ಹೊರಗೆ.

ಹೊರಗೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿಬಿಡುವುದು ಒಳ್ಳೆಯದು. x = 2 ಹಾಕಿ. ಉತ್ತರ ln 3, ಅಂದರೆ 1.0986 ಬರಬೇಕು. ಪದಗಳನ್ನು ಕೂಡುತ್ತಾ ಹೋದರೆ ಬರುವ ಮೊತ್ತಗಳು ಇವು:

```
2,  0,  2.667,  −1.333,  5.067,  −5.6, ...
```

ಆ ಕಡೆ ಈ ಕಡೆ ಜೋರಾಗಿ ತೂಗಾಡುತ್ತಿದೆ, ತೂಗಾಟ ಪ್ರತಿ ಸಲ ಜಾಸ್ತಿಯಾಗುತ್ತಿದೆ. ಇನ್ನೂ ನಾಲ್ಕು ಪದ ಸೇರಿಸಿದರೆ ಸರಿಹೋಗಬಹುದೇನೋ ಅಂತ ಕಾಯುವುದು ವ್ಯರ್ಥ. 2 ರ ಘಾತ ಬೆಳೆಯುವ ವೇಗದ ಮುಂದೆ ಕೆಳಗಿನ 1, 2, 3, 4 ಎಂಬ ಭಾಜಕ ಏನೂ ಮಾಡಲಾರದು. ಸರಣಿಯ ಪದಗಳೇ ಸೊನ್ನೆಯತ್ತ ಇಳಿಯದಿದ್ದರೆ ಮೊತ್ತ ಒಂದು ಕಡೆ ನಿಲ್ಲುವುದಿಲ್ಲ. 

ಒಳಗಿದ್ದಾಗ ಯಾಕೆ ನಡೆಯುತ್ತದೆ ಎನ್ನುವುದಕ್ಕೆ ಪೂರ್ತಿ ಲೆಕ್ಕವೂ ಇದೆ. ಭಾಗಾಕಾರವನ್ನು n ಪದಕ್ಕೆ ನಿಲ್ಲಿಸಿದರೆ ಶೇಷ ಉಳಿಯುತ್ತದೆ ಅಲ್ವಾ? ಆ ಶೇಷವನ್ನೂ ಇಂಟಿಗ್ರೇಟ್ ಮಾಡಿದರೆ ನಮ್ಮ ತಪ್ಪು ಎಷ್ಟು ಅಂತ ಸಿಗುತ್ತದೆ:

```
ತಪ್ಪು = ± ∫₀ˣ tⁿ/(1+t) dt
```

x ಧನಸಂಖ್ಯೆಯಾದರೆ 1+t ಯಾವಾಗಲೂ 1 ಅಥವಾ ಅದಕ್ಕಿಂತ ದೊಡ್ಡದು. ಹಾಗಾಗಿ ತಪ್ಪು xⁿ⁺¹/(n+1) ಅನ್ನು ಮೀರುವುದಿಲ್ಲ. ಇದು ಸುಮ್ನೆ ನಾವು ಬಿಟ್ಟ ಮೊದಲ ಪದದ ಗಾತ್ರ. ಕೈಲೆಕ್ಕದವರಿಗೆ ಇದಕ್ಕಿಂತ ಅನುಕೂಲದ ನಿಯಮ ಬೇಡ: ಬಿಟ್ಟ ಪದ ಎಷ್ಟು ಚಿಕ್ಕದೋ ತಪ್ಪು ಅದಕ್ಕಿಂತ ಚಿಕ್ಕದು. x ಋಣಸಂಖ್ಯೆಯಾದರೆ ಈ ಮಿತಿಯನ್ನು (1+x) ಇಂದ ಭಾಗಿಸಬೇಕು. x = −0.2 ಆದರೆ 0.8 ರಿಂದ ಭಾಗಿಸಿದರಾಯಿತು, ದೊಡ್ಡ ವ್ಯತ್ಯಾಸವಿಲ್ಲ. x, −1 ರ ಹತ್ತಿರ ಹೋದಾಗ ಮಾತ್ರ ಅದು ಕಾಟ ಕೊಡುತ್ತದೆ.

ln 6 ಅಂತ ಒಂದು ಸಂಖ್ಯೆ ಇದೆಯಲ್ಲ. x = 5 ರಲ್ಲಿ ಲಾಗ್‌ಗೆ ಏನೂ ತೊಂದರೆ ಇಲ್ಲದಿರುವಾಗ ಸರಣಿ 1 ಕ್ಕೇ ಯಾಕೆ ನಿಲ್ಲುತ್ತದೆ?

ತೊಂದರೆ ಇರುವುದು ಬಲಗಡೆ ಅಲ್ಲ, ಎಡಗಡೆ. x = −1 ರಲ್ಲಿ ln 0 ಎಂಬ ಗೋಡೆ ಇದೆ. ಘಾತ ಸರಣಿಯ ಸ್ವಭಾವ ಏನೆಂದರೆ, ಅದು ನಡುವಿನಿಂದ ಎರಡೂ ಕಡೆಗೆ ಸಮ ದೂರ ಮಾತ್ರ ಹೋಗಬಲ್ಲದು. x ನ ಗಾತ್ರ ಎಷ್ಟು ಎನ್ನುವುದೇ ಅದಕ್ಕೆ ಮುಖ್ಯ, ಚಿಹ್ನೆಯಲ್ಲ. ಎಡಗಡೆ 1 ರಷ್ಟು ದೂರದಲ್ಲಿ ಗೋಡೆ ಇದ್ದರೆ ಬಲಗಡೆಯೂ 1 ಕ್ಕೇ ಅದರ ಓಟ ಮುಗಿಯಿತು. ಆ ಕಡೆ ಎಷ್ಟೇ ಬಯಲಿದ್ದರೂ ಅಷ್ಟೇ.

ತುದಿಗಳಲ್ಲಿ ಏನಾಗುತ್ತದೆ?

x = −1 ರಲ್ಲಿ ಎಲ್ಲ ಪದಗಳ ಚಿಹ್ನೆಯೂ ಋಣವಾಗಿ −(1 + 1/2 + 1/3 + 1/4 + ...) ಆಗುತ್ತದೆ. ಇದು ಮೆಲ್ಲಗೆ, ಆದರೆ ಮಿತಿಯೇ ಇಲ್ಲದೆ ಬೆಳೆಯುವ ಮೊತ್ತ. ln 0 ಇಲ್ಲ ಎನ್ನುವುದಕ್ಕೆ ಸರಿಯಾಗಿ ಹೊಂದುತ್ತದೆ.

x = 1 ರಲ್ಲಿ ಬರುವುದು ಪ್ರಸಿದ್ಧವಾದ ಸರಣಿ:

```
ln 2 = 1 − 1/2 + 1/3 − 1/4 + 1/5 − ...
```

ಮೇಲಿನ ತಪ್ಪಿನ ಮಿತಿಯಲ್ಲಿ x = 1 ಹಾಕಿದರೆ 1/(n+1) ಬರುತ್ತದೆ. n ಬೆಳೆದಂತೆ ಅದು ಸೊನ್ನೆಗೆ ಇಳಿಯುವುದರಿಂದ ಸರಣಿ ಇಲ್ಲಿ ನಿಜವಾಗಿಯೂ ln 2 ಕ್ಕೇ ಬಂದು ನಿಲ್ಲುತ್ತದೆ.

ಹಾಗಾದರೆ ln 2 ಅನ್ನು ಇದರಿಂದಲೇ ಲೆಕ್ಕ ಹಾಕಬಹುದಲ್ಲ?

ಹಾಕಬಹುದು, ಆದರೆ ಹಾಕಬೇಡಿ. ನಿಂತ ಜಾಗದಲ್ಲಿ n ಪದ ಕೂಡಿದ ಮೇಲೆ ತಪ್ಪು ಸುಮಾರು 1/(2n) ಇರುತ್ತದೆ. ಸಾವಿರ ಪದ ಕೂಡಿದರೆ 0.692647 ಬರುತ್ತದೆ, ನಿಜವಾದ ಬೆಲೆ 0.693147. ಸಾವಿರ ಭಾಗಾಕಾರ ಮಾಡಿ ಸಿಕ್ಕಿದ್ದು ಮೂರು ಅಂಕಿ! ಹತ್ತು ದಶಮಾಂಶ ಬೇಕೆಂದರೆ ಸಾವಿರ ಕೋಟಿ ಪದ ಕೂಡಬೇಕಾಗುತ್ತದೆ. ಸರಣಿ ನಡೆಯುತ್ತದೆ ಎನ್ನುವುದು ಬೇರೆ, ಕೆಲಸಕ್ಕೆ ಬರುತ್ತದೆ ಎನ್ನುವುದು ಬೇರೆ. ಎಷ್ಟೋ ಪಾಠಗಳು ಈ ವ್ಯತ್ಯಾಸ ಹೇಳದೆ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ.

x ಚಿಕ್ಕದಾದಂತೆ ಚಿತ್ರ ಪೂರ್ತಿ ಬದಲಾಗುತ್ತದೆ. ಅದೇ ಹತ್ತು ದಶಮಾಂಶಕ್ಕೆ x = 0.5 ಆದರೆ ಸುಮಾರು ಮೂವತ್ತು ಪದ ಬೇಕು. x = 0.1 ಆದರೆ ಒಂಬತ್ತು. x = 0.01 ಆದರೆ ನಾಲ್ಕೇ ನಾಲ್ಕು.

x = 1 ರಲ್ಲೇ ಹಟ ಹಿಡಿದು ಕೂರುವವರಿಗೂ ಒಂದು ಉಪಾಯ ಇದೆ. ಮೊತ್ತ ಉತ್ತರದ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಹಾಗಾಗಿ ಅಕ್ಕಪಕ್ಕದ ಮೊತ್ತಗಳ ಸರಾಸರಿ ತೆಗೆಯಿರಿ. 9, 10, 11 ಪದಗಳ ಮೊತ್ತ 0.745635, 0.645635, 0.736544. ಮೊದಲೆರಡರ ಸರಾಸರಿ 0.695635, ಕೊನೆಯೆರಡರ ಸರಾಸರಿ 0.691089. ಈ ಎರಡರ ಸರಾಸರಿ 0.693362. ಹನ್ನೊಂದೇ ಪದದಿಂದ, ಸಾವಿರ ಪದ ಕೊಟ್ಟಿದ್ದಕ್ಕಿಂತ ಹತ್ತಿರ ಬಂದೆವು.

ಮತ್ತೆ ಹಿಂದಿನವರು ln 2 ಕಂಡುಹಿಡಿದದ್ದು ಹೇಗೆ?

ನ್ಯೂಟನ್ ಮಾಡಿದ ರೀತಿ ನನಗೆ ಬಹಳ ಇಷ್ಟ. 2 ಅನ್ನು ಮುಟ್ಟಲೇ ಇಲ್ಲ ಅವರು. 1 ರ ಹತ್ತಿರ ಇರುವ ನಾಲ್ಕು ಸಂಖ್ಯೆ ಹಿಡಿದರು: 0.8, 0.9, 1.1, 1.2. ಇವುಗಳ ಲಾಗ್ ಸರಣಿಯಿಂದ ಬೇಗ ಸಿಗುತ್ತದೆ. ಆಮೇಲೆ ಗುಣಾಕಾರದಿಂದ ಉಳಿದದ್ದನ್ನು ಕಟ್ಟಿದರು:

```
2  = (1.2 × 1.2) / (0.8 × 0.9)
3  = (1.2 × 2) / 0.8
5  = (2 × 2) / 0.8
10 = 2 × 5
11 = 10 × 1.1
```

1.44 ಅನ್ನು 0.72 ರಿಂದ ಭಾಗಿಸಿ ನೋಡಿ, ಸರಿಯಾಗಿ 2. ಲಾಗ್‌ನಲ್ಲಿ ಗುಣಾಕಾರ ಕೂಡುವುದಾಗುತ್ತದೆ, ಭಾಗಾಕಾರ ಕಳೆಯುವುದಾಗುತ್ತದೆ. ಆದ್ದರಿಂದ ln 2 = 2 ln 1.2 − ln 0.8 − ln 0.9.

ಇನ್ನೊಂದು ಜಾಣತನ ಇಲ್ಲೇ ಅಡಗಿದೆ. 1.2 ಕ್ಕೆ x = 0.2, 0.8 ಕ್ಕೆ x = −0.2. ಎರಡಕ್ಕೂ ಬೇಕಾದ ಪದಗಳು ಒಂದೇ, ಚಿಹ್ನೆ ಮಾತ್ರ ಬೇರೆ. ಬೆಸ ಘಾತಗಳನ್ನು ಒಂದು ಕಡೆ, ಸಮ ಘಾತಗಳನ್ನು ಇನ್ನೊಂದು ಕಡೆ ಕೂಡಿಟ್ಟುಕೊಂಡರೆ ಒಂದೇ ಶ್ರಮದಲ್ಲಿ ಎರಡು ಲಾಗ್. ಹತ್ತು ದಶಮಾಂಶಕ್ಕೆ ಮಾಡೋಣ:

```
ಬೆಸ                       ಸಮ
x      0.2000000000     x²/2   0.0200000000
x³/3   0.0026666667     x⁴/4   0.0004000000
x⁵/5   0.0000640000     x⁶/6   0.0000106667
x⁷/7   0.0000018286     x⁸/8   0.0000003200
x⁹/9   0.0000000569     x¹⁰/10 0.0000000102
x¹¹/11 0.0000000019     x¹²/12 0.0000000003
ಮೊತ್ತ   0.2027325541            0.0204109972
```

ಬೆಸದಿಂದ ಸಮವನ್ನು ಕಳೆದರೆ ln 1.2 = 0.1823215569. ಎರಡನ್ನೂ ಕೂಡಿ ಋಣ ಚಿಹ್ನೆ ಹಾಕಿದರೆ ln 0.8 = −0.2231435513. ಇದೇ ರೀತಿ x = 0.1 ಕ್ಕೆ ಮಾಡಿದರೆ, ಇನ್ನೂ ಕಡಿಮೆ ಪದಗಳಲ್ಲಿ, ln 1.1 = 0.0953101797 ಮತ್ತು ln 0.9 = −0.1053605157 ಬರುತ್ತವೆ. ಈಗ

```
ln 2 = 2(0.1823215569) + 0.2231435513 + 0.1053605157
     = 0.6931471808
```

ಪ್ಲೇಗ್ ಬಂದು ಕೇಂಬ್ರಿಜ್ ಬಿಟ್ಟು ಹೋಗಿದ್ದ ಕಾಲದಲ್ಲಿ ನ್ಯೂಟನ್ ಇದನ್ನೇ ಐವತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಕೈಯಲ್ಲೇ ಎಳೆದಿದ್ದರು. ಮುಂದೆ 1676ರಲ್ಲಿ ಲೈಬ್ನಿಟ್ಸ್‌ಗೆ ತಲುಪಲೆಂದು ಬರೆದ ಪತ್ರದಲ್ಲಿ, ಬೇರೆ ಕೆಲಸವಿಲ್ಲದೆ ಎಷ್ಟು ಅಂಕಿವರೆಗೆ ಲೆಕ್ಕ ಮಾಡಿದೆ ಅಂತ ಹೇಳಲೇ ನಾಚಿಕೆಯಾಗುತ್ತದೆ ಅಂತ ಒಪ್ಪಿಕೊಂಡಿದ್ದಾರೆ.

ನಿಜವಾದ ln 2 ಕೊನೆಗೆ ...1806 ಅಲ್ವಾ? ಮೇಲೆ ...1808 ಬಂದಿದೆಯಲ್ಲ?

ಹೌದು. ಸರಣಿಯ ತಪ್ಪಲ್ಲ ಅದು, ಪ್ರತಿ ಪದವನ್ನೂ ಹತ್ತನೇ ದಶಮಾಂಶಕ್ಕೆ ಕತ್ತರಿಸಿದ್ದರ ಫಲ. ನಾವು ಪಡೆದ ln 1.2 ರ ಕೊನೆಯ ಅಂಕಿ 9, ನಿಜವಾಗಿ ಇರಬೇಕಾದ್ದು 8. ಆ ಒಂದರ ವ್ಯತ್ಯಾಸ ಎರಡರಿಂದ ಗುಣಿಸಿದಾಗ ಎರಡಾಯಿತು. ಆದ್ದರಿಂದ ಹತ್ತು ಅಂಕಿ ಬೇಕಿದ್ದರೆ ಹನ್ನೆರಡು ಅಂಕಿಯಲ್ಲಿ ಲೆಕ್ಕ ಮಾಡಿ, ಕೊನೆಗೆ ಎರಡನ್ನು ಬಿಸಾಡಿ. ಕೈಲೆಕ್ಕದಲ್ಲಿ ಜನ ಎಡವುವುದು ಸರಣಿಯಲ್ಲಿ ಕಡಿಮೆ, ಇಲ್ಲೇ ಜಾಸ್ತಿ.

ತಪ್ಪು ಹಿಡಿಯಲು ಒಂದು ದಾರಿ: ಅದೇ ಸಂಖ್ಯೆಯನ್ನು ಇನ್ನೊಂದು ರೀತಿಯಲ್ಲಿ ಕಟ್ಟಿ ನೋಡುವುದು. ಉದಾಹರಣೆಗೆ 0.99 = 1.1 × 0.9. ಮೇಲಿನ ಎರಡು ಲಾಗ್ ಕೂಡಿದರೆ −0.0100503360 ಬರುತ್ತದೆ. x = −0.01 ಹಾಕಿ ನೇರವಾಗಿ ಲೆಕ್ಕ ಮಾಡಿದರೆ −0.0100503359. ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ ಅಷ್ಟೇ, ಅಂದರೆ ನಡುವೆ ಎಲ್ಲೂ ದೊಡ್ಡ ಎಡವಟ್ಟು ಆಗಿಲ್ಲ.

ಋಣ–ಧನ ಚಿಹ್ನೆ ಬದಲಾಗದ ಇನ್ನೊಂದು ಸೂತ್ರ ಇದೆಯಂತೆ. ಅದು ಯಾವುದು?

ಮೇಲೆ ಬೆಸ, ಸಮ ಅಂತ ಬೇರೆ ಮಾಡಿದೆವಲ್ಲ, ಅದರ ಮುಂದಿನ ಹೆಜ್ಜೆ ಇದು. ln(1+x) ಇಂದ ln(1−x) ಕಳೆದರೆ ಸಮ ಘಾತಗಳೆಲ್ಲ ಹೊಡೆದುಹೋಗಿ ಬೆಸ ಮಾತ್ರ ಉಳಿಯುತ್ತವೆ:

```
ln((1+x)/(1−x)) = 2(x + x³/3 + x⁵/5 + ...)
```

ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1668ರಲ್ಲೇ, ಮರ್ಕೇಟರ್ ಪುಸ್ತಕ ಬಂದ ವರ್ಷವೇ, ಇದನ್ನು ಕೊಟ್ಟರು. ಇದರ ದೊಡ್ಡ ಅನುಕೂಲ ಏನೆಂದರೆ ಯಾವ ಧನಸಂಖ್ಯೆ y ಯನ್ನು ಬೇಕಾದರೂ ಇದಕ್ಕೆ ಹಾಕಬಹುದು. x = (y−1)/(y+1) ಅಂತ ತೆಗೆದುಕೊಂಡರೆ x ಯಾವಾಗಲೂ −1 ಮತ್ತು 1 ರ ನಡುವೆಯೇ ಬೀಳುತ್ತದೆ. ಹಿಂದೆ ಹೊರಗೆ ಉಳಿದಿದ್ದ ln 3, ln 6 ಎಲ್ಲ ಒಳಗೆ ಬಂದವು. y = 2 ಆದರೆ x = 1/3, ಹತ್ತು ಪದಕ್ಕೆ ಹತ್ತು ದಶಮಾಂಶ. ಸಾವಿರ ಕೋಟಿಯಿಂದ ಹತ್ತಕ್ಕೆ ಇಳಿದೆವು.

ಆದರೆ y ಬಹಳ ದೊಡ್ಡದಾದರೆ x ಮತ್ತೆ 1 ರ ಪಕ್ಕಕ್ಕೆ ಹೋಗಿ ಸರಣಿ ತೆವಳಲು ಶುರು ಮಾಡುತ್ತದೆ. ಹಾಗಾಗಿ ಇದನ್ನೂ 1 ರ ಹತ್ತಿರದ ಭಿನ್ನರಾಶಿಗಳಿಗೇ ಬಳಸುವುದು ಜಾಣತನ. ln 7 ಇನ್ನೂ ಸಿಕ್ಕಿಲ್ಲ ಅಲ್ವಾ? 7 × 7 = 49, ಪಕ್ಕದಲ್ಲೇ 50 ಇದೆ. 50 = 2 × 5 × 5, ಅದರ ಲಾಗ್ ನಮ್ಮ ಕೈಲಿದೆ: 3.9120230054. 50/49 ಕ್ಕೆ x = 1/99. ಎರಡೇ ಪದ ಸಾಕು:

```
2/99         = 0.0202020202
2/(3 × 99³)  = 0.0000006871
ln(50/49)    = 0.0202027073
2 ln 7       = 3.9120230054 − 0.0202027073 = 3.8918202981
ln 7         = 1.9459101490
```

ಹೊಸ ಅವಿಭಾಜ್ಯ ಸಂಖ್ಯೆ ಬಂದಾಗಲೆಲ್ಲ ಇದೇ ತಂತ್ರ. ಅದರ ಗುಣಕಗಳಲ್ಲಿ ಒಂದು, ಗೊತ್ತಿರುವ ಸಂಖ್ಯೆಯೊಂದರ ಪಕ್ಕದ ಮನೆಯಲ್ಲಿರುತ್ತದೆ, ಹುಡುಕಬೇಕು. 11 ಕ್ಕೆ 99 ಮತ್ತು 100, ಅಥವಾ 120 ಮತ್ತು 121. 13 ಕ್ಕೆ 168 ಮತ್ತು 169. ಸಂಯುಕ್ತ ಸಂಖ್ಯೆಗಳಿಗೆ ಸರಣಿಯೇ ಬೇಡ, ಕೂಡಿದರೆ ಮುಗಿಯಿತು.

ಯಾವುದೋ ಒಂದು ದೊಡ್ಡ ಸಂಖ್ಯೆ ಕೊಟ್ಟರೆ? ಉದಾಹರಣೆಗೆ ln 1973?

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಒಂದು ಅವಿಭಾಜ್ಯ ಸಂಖ್ಯೆ. ಅದನ್ನು ಒಡೆಯಲು ಆಗುವುದಿಲ್ಲ. ಹತ್ತಿರದ ಸುಲಭ ಸಂಖ್ಯೆ 2000 ಹಿಡಿಯಿರಿ. 1973/2000 = 0.9865, ಅಂದರೆ x = −0.0135.

```
ln 2000 = ln 2 + 3 ln 10 = 7.6009024596

x       0.0135000000
x²/2    0.0000911250
x³/3    0.0000008201
x⁴/4    0.0000000083
x⁵/5    0.0000000001
ಮೊತ್ತ    0.0135919535

ln 1973 = 7.6009024596 − 0.0135919535 = 7.5873105061
```

x ಋಣವಾದ್ದರಿಂದ ಎಲ್ಲ ಪದವೂ ಕಳೆಯುವುದೇ, ಚಿಹ್ನೆ ಬದಲಾಯಿಸಬೇಡಿ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಜಾಗ ಇದು: ಸೂತ್ರದಲ್ಲಿ −, + ನೋಡಿ ಕೈ ತಾನಾಗಿ x²/2 ರ ಮುಂದೆ ಧನ ಚಿಹ್ನೆ ಹಾಕಿಬಿಡುತ್ತದೆ.

ಲಾಗ್ ಪುಸ್ತಕದಲ್ಲಿ ಇರುವುದು ಈ ಲಾಗ್ ಅಲ್ಲವಲ್ಲ?

ಅಲ್ಲ. ಲಾಗ್ ಪುಸ್ತಕದ್ದು 10 ಆಧಾರದ ಲಾಗ್. ನಮ್ಮದನ್ನು ln 10, ಅಂದರೆ 2.3025850930 ರಿಂದ ಭಾಗಿಸಬೇಕು, ಅಥವಾ 0.4342944819 ರಿಂದ ಗುಣಿಸಬೇಕು. ln 1973 ಅನ್ನು ಹಾಗೆ ಮಾಡಿದರೆ 3.295127. ಪುಸ್ತಕದಲ್ಲಿ 1973 ಕ್ಕೆ .2951 ಅಂತ ಇರುತ್ತದೆ, ಮುಂದಿನ 3 ನಾವು ಹಾಕಿಕೊಳ್ಳುವುದು.

ಅಂದಹಾಗೆ, ಮೊದಮೊದಲ ಕೋಷ್ಟಕಗಳು ಈ ಸರಣಿಯಿಂದ ಬಂದವಲ್ಲ. ನೇಪಿಯರ್ 1614ರಲ್ಲಿ, ಹೆನ್ರಿ ಬ್ರಿಗ್ಸ್ 1624ರಲ್ಲಿ ಕೋಷ್ಟಕ ಅಚ್ಚು ಹಾಕಿಸಿದಾಗ ಸರಣಿ ಇನ್ನೂ ಹುಟ್ಟಿರಲಿಲ್ಲ. ಬ್ರಿಗ್ಸ್ 10 ರ ವರ್ಗಮೂಲ, ಅದರ ವರ್ಗಮೂಲ, ಮತ್ತೆ ಅದರ ವರ್ಗಮೂಲ ಹೀಗೆ 54 ಸಲ ತೆಗೆದಿದ್ದರು. ಹಾಗೆ ಮಾಡಿದಾಗ ಸಂಖ್ಯೆ 1 ಕ್ಕೆ ಅಂಟಿಕೊಂಡಂತೆ ಆಗುತ್ತದೆ, ಆಗ ln(1+x) ಮತ್ತು x ಬಹುಪಾಲು ಒಂದೇ. ಸರಣಿಯ ಮೊದಲ ಪದವನ್ನು ಮಾತ್ರ ಬಳಸಿದ ಹಾಗಾಯಿತು. ಶ್ರಮ ಎಷ್ಟೆಂದು ಯೋಚಿಸಿ!

ಕ್ಯಾಲ್ಕುಲೇಟರ್, ಕಂಪ್ಯೂಟರ್ ಇದೇ ಸರಣಿ ಬಳಸುತ್ತವೆಯೇ?

ಸಂಖ್ಯೆಯನ್ನು 1 ರ ಹತ್ತಿರಕ್ಕೆ ತರುವ ಉಪಾಯ ಅದೇ, ಸರಣಿ ಮಾತ್ರ ಸ್ವಲ್ಪ ತಿದ್ದಿದ್ದು. ಕಂಪ್ಯೂಟರ್‌ಗೆ 2 ರ ಘಾತ ತೆಗೆಯುವುದು ಪುಕ್ಕಟೆ ಕೆಲಸ. ಹಾಗಾಗಿ ಕೊಟ್ಟ ಸಂಖ್ಯೆಯಿಂದ 2 ರ ಘಾತವನ್ನು ಹೊರಗೆಳೆದು, ಉಳಿದದ್ದು 0.707 ಮತ್ತು 1.414 ರ ನಡುವೆ ಇರುವಂತೆ ಮಾಡಿಕೊಳ್ಳುತ್ತದೆ. ಹೊರಗೆಳೆದ ಘಾತಕ್ಕೆ ln 2 ರ ಅಷ್ಟು ಪಟ್ಟು ಆಮೇಲೆ ಸೇರಿಸಿದರಾಯಿತು.

ಉಳಿದ ಭಾಗಕ್ಕೆ, ಬಹಳ ಕಡೆ ಬಳಕೆಯಲ್ಲಿರುವ fdlibm ಎಂಬ ಸಿ ಲೈಬ್ರರಿಯಲ್ಲಿ, ಗ್ರೆಗರಿಯ ರೂಪವೇ ಇದೆ. ಸಂಖ್ಯೆ 1+f ಆದರೆ s = f/(2+f). ಈ s ಗಾತ್ರದಲ್ಲಿ 0.172 ಮೀರುವುದಿಲ್ಲ. ಆದರೆ ಸಹಗುಣಕಗಳನ್ನು ನೋಡಿದರೆ 2/3 ಇರಬೇಕಾದ ಕಡೆ 0.6666666666666735 ಅಂತ ಬರೆದಿರುತ್ತಾರೆ. ಬೆರಳಚ್ಚಿನ ತಪ್ಪಲ್ಲ ಅದು. ಸರಣಿಯನ್ನು ಕೆಲವೇ ಪದಕ್ಕೆ ಕತ್ತರಿಸಿದರೆ ತಪ್ಪೆಲ್ಲ ತುದಿಯಲ್ಲಿ ಗುಡ್ಡೆಯಾಗುತ್ತದೆ. ಸಹಗುಣಕಗಳನ್ನು ಕೂದಲೆಳೆಯಷ್ಟು ತಿರುಚಿದರೆ ಅದೇ ತಪ್ಪು ಇಡೀ ಅಂತರದಲ್ಲಿ ಸಮವಾಗಿ ಹರಡಿ, ಎಲ್ಲೂ ಗಮನಕ್ಕೆ ಬಾರದಷ್ಟು ಚಿಕ್ಕದಾಗುತ್ತದೆ.

ಪೈಥಾನ್‌ನಂಥ ಭಾಷೆಗಳಲ್ಲಿ ln(1+x) ಗೆಂದೇ log1p ಅಂತ ಬೇರೆಯೇ ಒಂದು ಫಂಕ್ಷನ್ ಯಾಕಿದೆ?

x ಅತಿ ಚಿಕ್ಕದಾದಾಗ ತೊಂದರೆ ಸರಣಿಯಲ್ಲಿ ಬರುವುದಿಲ್ಲ, 1+x ಕೂಡುವಾಗಲೇ ಬರುತ್ತದೆ. ಕಂಪ್ಯೂಟರ್ ಸುಮಾರು ಹದಿನಾರು ಅಂಕಿ ಇಟ್ಟುಕೊಳ್ಳುತ್ತದೆ. 1 ಕ್ಕೆ 0.000000000000001 ಕೂಡಿದರೆ ಆ ಚಿಕ್ಕ ಸಂಖ್ಯೆಯ ಒಂದೇ ಒಂದು ಅಂಕಿ, ಅದೂ ಅರೆಬರೆ, ಉಳಿಯುತ್ತದೆ.

```python
import math
math.log(1 + 1e-15)   # ಸುಮಾರು 1.11e-15
math.log1p(1e-15)     # ಸುಮಾರು 1.00e-15
```

ಮೊದಲನೆಯದು ಶೇಕಡ 11 ತಪ್ಪು. log ಫಂಕ್ಷನ್ ತನಗೆ ಕೊಟ್ಟ ಸಂಖ್ಯೆಯ ಲಾಗ್ ಅನ್ನು ಸರಿಯಾಗಿಯೇ ಕೊಟ್ಟಿದೆ, ಕೊಟ್ಟ ಸಂಖ್ಯೆಯೇ ಕೆಟ್ಟಿತ್ತು. log1p ಗೆ x ಅನ್ನು ಹಾಗೇ ಕೊಡುತ್ತೇವೆ, 1 ಕೂಡಿ ಕೆಡಿಸುವ ಮೊದಲೇ. ನಿಮ್ಮ ಕೋಡ್‌ನಲ್ಲಿ log(1 + ...) ಅಂತ ಕಂಡರೆ, ಒಳಗಿನದ್ದು ಚಿಕ್ಕದಾಗುವ ಸಂಭವ ಇದ್ದರೆ, ಬದಲಾಯಿಸಿಬಿಡಿ.

ಪದಗಳ ಕ್ರಮ ಬದಲಾಯಿಸಿದರೆ ಉತ್ತರವೇ ಬದಲಾಗುತ್ತದಂತೆ, ನಿಜವೇ?

x = 1 ರಲ್ಲಿ ಮಾತ್ರ, ನಿಜ. ಒಂದು ಧನ ಪದ, ಎರಡು ಋಣ ಪದ ಹೀಗೆ ತೆಗೆದುಕೊಂಡು ಹೋಗಿ: 1 − 1/2 − 1/4 + 1/3 − 1/6 − 1/8 + ... ಪ್ರತಿ ಗುಂಪಿನ ಮೊದಲೆರಡು ಪದಗಳನ್ನು ಸೇರಿಸಿದರೆ 1/2 − 1/4 + 1/6 − 1/8 + ... ಬರುತ್ತದೆ. ಇದು ಮೂಲ ಸರಣಿಯ ಸರಿಯಾಗಿ ಅರ್ಧ. ಒಂದು ಪದವನ್ನೂ ಬಿಟ್ಟಿಲ್ಲ, ಸೇರಿಸಿಲ್ಲ, ಆದರೂ ಉತ್ತರ ln 2 ರ ಅರ್ಧ. ಧನ ಪದಗಳ ಮೊತ್ತಕ್ಕೂ ಋಣ ಪದಗಳ ಮೊತ್ತಕ್ಕೂ ಬೇರೆ ಬೇರೆಯಾಗಿ ಮಿತಿ ಇಲ್ಲದಿರುವುದೇ ಕಾರಣ. x ಗಾತ್ರದಲ್ಲಿ 1 ಕ್ಕಿಂತ ಚಿಕ್ಕದಾದರೆ ಹೀಗಾಗುವುದಿಲ್ಲ, ಯಾವ ಕ್ರಮದಲ್ಲಿ ಕೂಡಿದರೂ ಒಂದೇ.

ಬ್ಯಾಂಕಿನವರು ಹೇಳುವ 72 ರ ನಿಯಮಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದೆ. 72 ಅನ್ನು ಬಡ್ಡಿಯ ಶೇಕಡದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಬೇಕಾದ ವರ್ಷ ಸಿಗುತ್ತದೆ ಎನ್ನುವುದೇ ಆ ನಿಯಮ. ವರ್ಷಕ್ಕೊಮ್ಮೆ ಚಕ್ರಬಡ್ಡಿ ಸೇರುವ ಎಫ್‌ಡಿ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ? ಬಡ್ಡಿ r ಆದರೆ ಉತ್ತರ ln 2 / ln(1+r). ಮೊದಲ ಪದ ಮಾತ್ರ ಇಟ್ಟುಕೊಂಡರೆ 0.693/r, ಅಂದರೆ 69.3 ಅನ್ನು ಬಡ್ಡಿಯ ಶೇಕಡದಿಂದ ಭಾಗಿಸುವುದು. ಎರಡನೇ ಪದವನ್ನೂ ಲೆಕ್ಕಕ್ಕೆ ತಂದರೆ 69.3 ಅನ್ನು ಸುಮಾರು (1 + r/2) ರಿಂದ ಗುಣಿಸಬೇಕಾಗುತ್ತದೆ. ಶೇಕಡ 8 ಕ್ಕೆ ಅದು 69.3 × 1.04, ಸುಮಾರು 72. ಹಾಗೆ 72 ಬಂತು, ಜೊತೆಗೆ 2, 3, 4, 6, 8, 9, 12 ಎಲ್ಲದರಿಂದಲೂ ಭಾಗವಾಗುತ್ತದೆ ಎನ್ನುವ ಅನುಕೂಲ ಬೇರೆ.

ಶೇಕಡ 8 ಕ್ಕೆ ನಿಯಮ 9 ವರ್ಷ ಅನ್ನುತ್ತದೆ, ನಿಜವಾದ ಲೆಕ್ಕ 9.006. ಶೇಕಡ 2 ಕ್ಕೆ ನಿಯಮ 36 ಅನ್ನುತ್ತದೆ, ನಿಜ 35. ಶೇಕಡ 18 ಕ್ಕೆ ನಿಯಮ 4 ಅನ್ನುತ್ತದೆ, ನಿಜ 4.19. ಕಡಿಮೆ ಬಡ್ಡಿಗೆ 70 ಬಳಸಿ, ಸಾಲದ ಬಡ್ಡಿಯಂಥ ಜಾಸ್ತಿ ದರಕ್ಕೆ 75 ಬಳಸಿ.